ಕೇಕಿನಲ್ಲಿ ಉಳಿಯುವ ರಮ್

ಡಿಸೆಂಬರ್ ಕೊನೆಯ ವಾರ ಬಂತೆಂದರೆ ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಹಳ್ಳಿಗಳಿಗೂ ಈಗ ಪ್ಲಮ್ ಕೇಕ್ ಬರುತ್ತದೆ. ಬೆಂಗಳೂರು, ಪುಣೆ, ಗೋವಾಗಳಲ್ಲಿ ದುಡಿಯುವ ಮಕ್ಕಳು ರಜೆಗೆ ಊರಿಗೆ ಬರುವಾಗ ಒಂದು ಡಬ್ಬಿ ಹಿಡಿದು ತರುತ್ತಾರೆ. ಮೇಲವಂಕಿಯಂಥ ಊರಿನ ಮನೆಯಲ್ಲಿ ಆ ಡಬ್ಬಿ ತೆರೆದಾಗ ಏಳುವ ವಾಸನೆಗೆ ಹಿರಿಯರು ಮೊದಲು ಕೇಳುವುದು ಒಂದೇ ಮಾತು: "ಇದರಾಗ ಏನರ ಹಾಕ್ಯಾರೇನು?" ಕಿರಿಯರ ಉತ್ತರವೂ ಎಲ್ಲ ಕಡೆ ಒಂದೇ: "ರಮ್ ಹಾಕಿರ್ತಾರ ಆಯಿ, ಆದ್ರ ಬೇಯೂದ್ರಾಗ ಎಲ್ಲಾ ಹಾರಿ ಹೋಗಿರ್ತೈತಿ."

ಈ ಉತ್ತರವನ್ನು ಹೋಟೆಲಿನ ಬಾಣಸಿಗರೂ ಕೊಡುತ್ತಾರೆ, ಅಡುಗೆ ಕಲಿಸುವವರೂ ಕೊಡುತ್ತಾರೆ. ಅದರ ಹಿಂದಿನ ತರ್ಕ ಸರಳ. ನೀರು 100 ಡಿಗ್ರಿಗೆ ಕುದಿಯುತ್ತದೆ, ಆಲ್ಕೋಹಾಲ್ 78 ಡಿಗ್ರಿಗೇ ಕುದಿಯುತ್ತದೆ. ಹಾಗಾಗಿ ನೀರು ಕುದಿಯುವ ಹೊತ್ತಿಗೆ ಆಲ್ಕೋಹಾಲ್ ಪೂರ್ತಿ ಆವಿಯಾಗಿ ಹೋಗಿರಲೇಬೇಕು. ಕೇಳಲು ಸರಿಯಾಗಿಯೇ ಇದೆ, ಆದರೆ ನಿಜ ಹಾಗಿಲ್ಲ. ಬೇಯಿಸಿದಾಗ ಆಲ್ಕೋಹಾಲ್ ಕಡಿಮೆಯಾಗುತ್ತದೆ, ಕೆಲವು ಅಡುಗೆಗಳಲ್ಲಿ ಬಹಳ ಕಡಿಮೆಯಾಗುತ್ತದೆ. ಇನ್ನು ಕೆಲವು ಅಡುಗೆಗಳಲ್ಲಿ ಹಾಕಿದ್ದರಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ತಟ್ಟೆಯವರೆಗೂ ಬರುತ್ತದೆ. ಯಾವುದರಲ್ಲಿ ಎಷ್ಟು ಎಂಬುದನ್ನು ತಿಳಿಯಲು ಸಾಧ್ಯವಿದೆ. ತಿಳಿದುಕೊಳ್ಳಬೇಕಾದ ಮನೆಗಳೂ ನಮ್ಮ ಭಾಗದಲ್ಲಿ ಬಹಳಷ್ಟಿವೆ.

ಕಬ್ಬಿನ ನಾಡಿಗೆ ಗೊತ್ತಿರುವ ಸಂಗತಿ

ಆಲ್ಕೋಹಾಲ್ ಮತ್ತು ನೀರಿನ ನಂಟು ಎಷ್ಟು ಗಟ್ಟಿ ಎಂಬುದಕ್ಕೆ ಸಾಕ್ಷಿ ನಮ್ಮ ಸುತ್ತಲೇ ಇದೆ. ಘಟಪ್ರಭೆಯ ಈ ಕಬ್ಬಿನ ಸೀಮೆಯಲ್ಲಿ ಹಲವು ಸಕ್ಕರೆ ಕಾರ್ಖಾನೆಗಳ ಜೊತೆಗೆ ಡಿಸ್ಟಿಲರಿಗಳೂ ಇವೆ. ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಗೆ ನೀರು ಬೆರೆಸಿ, ಈಸ್ಟ್ ಹಾಕಿ ಹುಳಿ ಬರಿಸುತ್ತಾರೆ. ಆಗ ಸಿಗುವ ದ್ರವಕ್ಕೆ ಅಲ್ಲಿಯವರು ವಾಶ್ ಎನ್ನುತ್ತಾರೆ. ಅದರಲ್ಲಿ ಆಲ್ಕೋಹಾಲ್ ಇರುವುದು ನೂರಕ್ಕೆ ಎಂಟು–ಹತ್ತು ಭಾಗ ಮಾತ್ರ.

ಆಲ್ಕೋಹಾಲ್ 78 ಡಿಗ್ರಿಗೆ ನೀರನ್ನು ಬಿಟ್ಟು ತಾನೊಂದೇ ಎದ್ದು ಹೋಗುವಂತಿದ್ದರೆ ಡಿಸ್ಟಿಲರಿಗೆ ಒಂದು ದೊಡ್ಡ ಹಂಡೆ, ಒಂದು ಕೊಳವೆ ಸಾಕಾಗುತ್ತಿತ್ತು. ರಸ್ತೆಯಿಂದಲೇ ಕಾಣುವ ಆ ಎತ್ತರದ ಕಂಬಗಳು ಬೇಕಾಗುತ್ತಲೇ ಇರಲಿಲ್ಲ. ಆ ಕಂಬಗಳ ಒಳಗೆ ಒಂದರ ಮೇಲೊಂದು ಹತ್ತಾರು ತಟ್ಟೆಗಳಿರುತ್ತವೆ. ಕೆಳಗಿನಿಂದ ಏರುವ ಹಬೆ ಪ್ರತಿ ತಟ್ಟೆಯಲ್ಲೂ ತಣಿದು ಮತ್ತೆ ಕುದಿಯುತ್ತದೆ. ಹೀಗೆ ಕುದಿದು ತಣಿದು ಮೇಲೇರುವಾಗ ಪ್ರತಿ ಹಂತದಲ್ಲೂ ಒಂದಿಷ್ಟು ನೀರು ಹಿಂದೆ ಬೀಳುತ್ತದೆ. ಅಷ್ಟು ಮಾಡಿದ ಮೇಲೂ ಮೇಲ್ತುದಿಯಲ್ಲಿ ಸಿಗುವ ಸ್ಪಿರಿಟ್‌ನಲ್ಲಿ ತೂಕದ ಲೆಕ್ಕಕ್ಕೆ ನೂರಕ್ಕೆ ನಾಲ್ಕರಷ್ಟು ನೀರು ಉಳಿದೇ ಇರುತ್ತದೆ. ಅಲ್ಲಿಂದ ಮುಂದೆ ಎಷ್ಟು ಕುದಿಸಿದರೂ ಎರಡೂ ಬೇರೆಯಾಗುವುದಿಲ್ಲ, ಏಕೆಂದರೆ ಆ ಮಟ್ಟದಲ್ಲಿ ದ್ರವದಲ್ಲಿ ಎಷ್ಟು ನೀರಿದೆಯೋ ಅದರ ಹಬೆಯಲ್ಲೂ ಅಷ್ಟೇ ನೀರಿರುತ್ತದೆ. ಪೆಟ್ರೋಲಿಗೆ ಬೆರೆಸುವ ಎಥನಾಲ್ ಬೇಕೆಂದರೆ ಆ ಉಳಿದ ನೀರನ್ನು ಹೀರಿಕೊಳ್ಳುವ ಬೇರೆಯೇ ವ್ಯವಸ್ಥೆ ಮಾಡಬೇಕು.

ಒಲೆಯ ಮೇಲಿನ ಪಾತ್ರೆಯಲ್ಲಿ ನಡೆಯುವುದೂ ಇದೇ ಕೆಲಸ. ಡಿಸ್ಟಿಲರಿಯವರಿಗೆ ಬೇಕಾದದ್ದು ಮೇಲೆ ಹೋದ ಹಬೆ, ನಮಗೆ ಬೇಕಾದದ್ದು ಕೆಳಗೆ ಉಳಿದ ಸಾರು. ಅವರಲ್ಲಿ ಹತ್ತಾರು ಹಂತಗಳಿರುತ್ತವೆ, ನಮ್ಮ ಪಾತ್ರೆಯಲ್ಲಿ ಇರುವುದು ಒಂದೇ ಹಂತ.

ಪಾತ್ರೆಯೊಳಗೆ ಆಗುವುದೇನು

ಒಂದು ಪಾತ್ರೆಯಲ್ಲಿ ಮಾಂಸದ ಸಾರು ಇದೆ, ಅದಕ್ಕೆ ವೈನ್ ಹಾಕಿದ್ದೇವೆ, ಒಟ್ಟು ದ್ರವದಲ್ಲಿ ನೂರಕ್ಕೆ ಐದು ಭಾಗ ಆಲ್ಕೋಹಾಲ್ ಇದೆ ಎಂದುಕೊಳ್ಳೋಣ. ಈ ಮಿಶ್ರಣ 78 ಡಿಗ್ರಿಗೆ ಕುದಿಯುವುದಿಲ್ಲ. ಅದು ಕುದಿಯುವುದು ಸುಮಾರು 95 ಡಿಗ್ರಿಗೆ. ಆಲ್ಕೋಹಾಲ್ ಮತ್ತು ನೀರು ಬೆರೆತ ಮೇಲೆ ಅವಕ್ಕೆ ಬೇರೆ ಬೇರೆ ಕುದಿಬಿಂದು ಉಳಿಯುವುದಿಲ್ಲ. ಮಿಶ್ರಣಕ್ಕೆ ತನ್ನದೇ ಒಂದು ಕುದಿಬಿಂದು ಇರುತ್ತದೆ, ಆಲ್ಕೋಹಾಲ್ ಕಡಿಮೆಯಾದಂತೆ ಅದು ಮೆಲ್ಲಗೆ 100ರ ಕಡೆಗೆ ಏರುತ್ತದೆ.

ಕುದಿ ಬಂದಾಗ ಏಳುವ ಮೊದಲ ಹಬೆಯಲ್ಲೇ ಎರಡೂ ಇರುತ್ತವೆ. ದ್ರವದಲ್ಲಿ ಆಲ್ಕೋಹಾಲ್ ಐದು ಭಾಗವಿದ್ದರೆ ಹಬೆಯಲ್ಲಿ ಸುಮಾರು ಮೂವತ್ತೈದು ಭಾಗ ಇರುತ್ತದೆ. ಅಂದರೆ ಆಲ್ಕೋಹಾಲ್ ತನ್ನ ಪಾಲಿಗಿಂತ ಬಹಳ ಜಾಸ್ತಿಯಾಗಿ ಹೊರಗೆ ಹೋಗುತ್ತಿದೆ ಎಂಬುದು ನಿಜ. ಆದರೆ ಆ ಮೊದಲ ಹಬೆಯಲ್ಲೂ ಹೆಚ್ಚಿನ ಪಾಲು ನೀರೇ. ಸಾರಿನಲ್ಲಿ ಆಲ್ಕೋಹಾಲ್ ನೂರಕ್ಕೆ ಒಂದು ಭಾಗಕ್ಕೆ ಇಳಿದಾಗ ಹಬೆಯಲ್ಲಿ ಅದು ಹತ್ತು ಭಾಗಕ್ಕೆ ಇಳಿದಿರುತ್ತದೆ. ಉಳಿದದ್ದು ಕಡಿಮೆಯಾದಷ್ಟೂ ಹೊರಹೋಗುವ ವೇಗವೂ ಕಡಿಮೆಯಾಗುತ್ತದೆ. ಹೀಗಾಗಿ ಸೊನ್ನೆಯ ಹತ್ತಿರ ಹೋಗಬಹುದು, ಸೊನ್ನೆ ಮುಟ್ಟುವುದು ಕಷ್ಟ.

ಇದರಿಂದ ಒಂದು ಮುಖ್ಯ ಸಂಗತಿ ಹೊರಡುತ್ತದೆ. ಆಲ್ಕೋಹಾಲ್ ಹೋಗಬೇಕಾದರೆ ಅದರ ಜೊತೆ ನೀರೂ ಹೋಗಲೇಬೇಕು. ಪಾತ್ರೆಯಲ್ಲಿನ ದ್ರವ ಇಳಿಯದೆ ಆಲ್ಕೋಹಾಲ್ ಒಂದೇ ಇಳಿಯುವುದಿಲ್ಲ. ಎಷ್ಟು ಹೊತ್ತು ಬೇಯಿಸಿದೆವು ಎನ್ನುವುದಕ್ಕಿಂತ ಎಷ್ಟು ಇಂಗಿತು ಎನ್ನುವುದೇ ಇಲ್ಲಿ ದೊಡ್ಡದು. ವೈನ್ ಮತ್ತು ಬಿಯರ್ ಹಾಕಿದ ಮಾಂಸದ ಸಾರನ್ನು ಕುದಿಸಿ ಅಳೆದ ಡೆನ್ಮಾರ್ಕಿನ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಫಲಿತಾಂಶವೂ ಇದೇ. ಮೊದಲು ಎಷ್ಟು ಆಲ್ಕೋಹಾಲ್ ಇತ್ತು, ದ್ರವ ಎಷ್ಟಕ್ಕೆ ಇಳಿದಿದೆ, ಇವೆರಡು ಗೊತ್ತಿದ್ದರೆ ಎಷ್ಟು ಉಳಿದಿದೆ ಎಂದು ಹೇಳಬಹುದು ಎಂದು ಅವರು ತೋರಿಸಿದರು. ಪಾತ್ರೆ ಅಗಲವಿದ್ದರೆ ದ್ರವ ಬೇಗ ಇಂಗುತ್ತದೆ, ಕಿರಿದಿದ್ದರೆ ನಿಧಾನ. ಆದರೆ ಎರಡರಲ್ಲೂ ಒಂದೇ ಮಟ್ಟಕ್ಕೆ ಇಂಗಿದಾಗ ಉಳಿಯುವ ಆಲ್ಕೋಹಾಲ್ ಹೆಚ್ಚುಕಡಿಮೆ ಒಂದೇ.

ತೆಳುವಾದ ಸಾರಾಗಿದ್ದು, ಮುಚ್ಚಳವಿಲ್ಲದೆ ಚೆನ್ನಾಗಿ ಕುದಿಯುತ್ತಿದ್ದರೆ, ದ್ರವದ ಹತ್ತನೇ ಒಂದು ಪಾಲು ಇಂಗುವಷ್ಟರಲ್ಲಿ ಆಲ್ಕೋಹಾಲ್ ಅರ್ಧಕ್ಕಿಂತ ಹೆಚ್ಚು ಹೋಗಿರುತ್ತದೆ ಎಂದು ಲೆಕ್ಕ ಹೇಳುತ್ತದೆ. ಐದನೇ ಒಂದು ಪಾಲು ಇಂಗಿದಾಗ ಉಳಿಯುವುದು ನೂರಕ್ಕೆ ಹದಿನೈದರ ಆಸುಪಾಸು. ದ್ರವ ಅರ್ಧಕ್ಕೆ ಇಳಿದಾಗ ಉಳಿಯುವುದು ಲೆಕ್ಕಕ್ಕೆ ಹಿಡಿಯಬೇಕಿಲ್ಲದಷ್ಟು. ಇದು ಒಳ್ಳೆಯ ಸುದ್ದಿಯೇ. ಆದರೆ ಮನೆಯ ಅಡುಗೆಗಳಲ್ಲಿ ಹೆಚ್ಚಿನವು ಹೀಗೆ ಬೇಯುವುದಿಲ್ಲ.

ಆರು ಅಡುಗೆಗಳ ಪರೀಕ್ಷೆ

ನಿಜವಾದ ಅಡುಗೆಗಳನ್ನು ಮಾಡಿ, ಒಲೆಯಿಂದ ಇಳಿಸಿದ ಮೇಲೆ ಅಳೆದು ನೋಡಿದ ಕೆಲಸ 1992ರಲ್ಲಿ ಅಮೆರಿಕದ ಡಯಟೆಟಿಕ್ ಅಸೋಸಿಯೇಷನ್ನಿನ ನಿಯತಕಾಲಿಕದಲ್ಲಿ ಪ್ರಕಟವಾಯಿತು. ಜೋರ್ಗ್ ಆಗಸ್ಟಿನ್ ಮತ್ತು ಅವರ ಸಂಗಡಿಗರು ಆರು ಬಗೆಯ ಅಡುಗೆಗಳನ್ನು ಆರಿಸಿಕೊಂಡಿದ್ದರು. ಒಂದನ್ನು ಬೇಯಿಸುವುದೇ ಇಲ್ಲ, ಒಂದಕ್ಕೆ ಬೆಂಕಿ ಹಚ್ಚುತ್ತಾರೆ, ಒಂದನ್ನು ಒವನ್‌ನಲ್ಲಿ ಇಡುತ್ತಾರೆ, ಒಂದನ್ನು ಎರಡೂವರೆ ಗಂಟೆ ಸಣ್ಣ ಉರಿಯಲ್ಲಿ ಬೇಯಿಸುತ್ತಾರೆ. ಉಳಿದ ಆಲ್ಕೋಹಾಲ್ ಒಂದು ಅಡುಗೆಯಲ್ಲಿ ನೂರಕ್ಕೆ 4ರಷ್ಟಿದ್ದರೆ ಇನ್ನೊಂದರಲ್ಲಿ ನೂರಕ್ಕೆ 85ರಷ್ಟಿತ್ತು. ಆರರಲ್ಲಿ ಒಂದರಲ್ಲೂ ಅದು ಪೂರ್ತಿ ಹೋಗಿರಲಿಲ್ಲ.

ಅಮೆರಿಕದ ಕೃಷಿ ಇಲಾಖೆ ಆಹಾರದ ಪೋಷಕಾಂಶ ಲೆಕ್ಕ ಹಾಕಲು ಬಳಸುವ ಪಟ್ಟಿಯಲ್ಲಿ ಇಂಥ ಅಂಕಿಗಳನ್ನು ಸೇರಿಸಿತು. ಇಂದು ಜಗತ್ತಿನೆಲ್ಲೆಡೆ ಉಲ್ಲೇಖವಾಗುವುದು ಅದೇ ಪಟ್ಟಿ. ಆಲ್ಕೋಹಾಲನ್ನು ಉಳಿದ ಪದಾರ್ಥಗಳ ಜೊತೆ ಕಲಸಿ ಬೇಯಿಸಿದಾಗ ಎಷ್ಟು ಉಳಿಯುತ್ತದೆ ಎಂಬುದು ಅದರಲ್ಲಿ ಹೀಗಿದೆ:

15 ನಿಮಿಷ ಬೆಂದರೆ ಶೇ 40
30 ನಿಮಿಷ ಬೆಂದರೆ ಶೇ 35
1 ಗಂಟೆ ಬೆಂದರೆ ಶೇ 25
ಒಂದೂವರೆ ಗಂಟೆ ಬೆಂದರೆ ಶೇ 20
2 ಗಂಟೆ ಬೆಂದರೆ ಶೇ 10
ಎರಡೂವರೆ ಗಂಟೆ ಬೆಂದರೆ ಶೇ 5

ಬೇಯಿಸುವ ಬಗೆ ಬೇರೆಯಾದರೆ ಅಂಕಿಗಳೂ ಬೇರೆ. ಕುದಿಯುವ ಸಾರಿಗೆ ಕೊನೆಯಲ್ಲಿ ಹಾಕಿ ಕೂಡಲೇ ಇಳಿಸಿದರೆ ಶೇ 85 ಉಳಿಯುತ್ತದೆ. ಬೆಂಕಿ ಹಚ್ಚಿ ಉರಿಸಿದರೆ ಶೇ 75. ಬೇಯಿಸದೆ ರಾತ್ರಿಯಿಡೀ ಇಟ್ಟರೆ ಶೇ 70. ಕಲಸದೆ ಮೇಲೆ ಸುರಿದು 25 ನಿಮಿಷ ಒವನ್‌ನಲ್ಲಿಟ್ಟರೆ ಶೇ 45.

ಇಲ್ಲಿ ಎರಡು ಸಂಗತಿಗಳು ಓದುಗರ ಗಮನಕ್ಕೆ ಬರಬೇಕು. ಮೊದಲ 15 ನಿಮಿಷದಲ್ಲೇ ಅರ್ಧಕ್ಕಿಂತ ಹೆಚ್ಚು ಹೋಗಿಬಿಡುತ್ತದೆ. ಆಮೇಲಿನ 15 ನಿಮಿಷದಲ್ಲಿ ಹೋಗುವುದು ಇನ್ನು ಐದು ಭಾಗ ಮಾತ್ರ. "ಅರ್ಧ ತಾಸು ಕುದ್ದೈತಿ, ಇನ್ನೇನ ಉಳಿದಿರ್ತೈತಿ" ಎನ್ನುವ ಮಾತು ಸೋಲುವುದು ಇಲ್ಲೇ. ಮೂರನೇ ಒಂದು ಪಾಲು ಇನ್ನೂ ಉಳಿದಿರುತ್ತದೆ.

ಎರಡನೆಯದು, ಹಿಂದೆ ಹೇಳಿದ ಇಂಗುವ ಲೆಕ್ಕಕ್ಕೂ ಈ ಪಟ್ಟಿಗೂ ಇರುವ ಅಂತರ. ತೆಳು ಸಾರು ಜೋರಾಗಿ ಕುದಿದರೆ ಅರ್ಧ ಗಂಟೆಯಲ್ಲಿ ಬಹುಪಾಲು ಆಲ್ಕೋಹಾಲ್ ಹೋಗಬಹುದು. ಆದರೆ ಮನೆಯಲ್ಲಿ ಮಾಂಸ ಮೆತ್ತಗಾಗಬೇಕೆಂದು ಸಣ್ಣ ಉರಿ ಇಡುತ್ತೇವೆ, ಸಾರು ಬತ್ತಬಾರದೆಂದು ಮುಚ್ಚಳ ಮುಚ್ಚುತ್ತೇವೆ. ಮುಚ್ಚಳಕ್ಕೆ ತಾಗಿದ ಹಬೆ ಹನಿಯಾಗಿ ಮತ್ತೆ ಪಾತ್ರೆಗೇ ಬೀಳುತ್ತದೆ, ಅದರ ಜೊತೆ ಆಲ್ಕೋಹಾಲೂ ವಾಪಸು ಬರುತ್ತದೆ. ತುಂಡುಗಳ ಒಳಗೆ ಹೀರಿಕೊಂಡದ್ದು ಮೇಲ್ಮೈಗೆ ಬರಲು ಹೊತ್ತು ಬೇಕು. ದಪ್ಪ ಮಸಾಲೆಯ ಗೊಜ್ಜಿನಲ್ಲಿ ತಿರುವದೇ ಬಿಟ್ಟರೆ ಇನ್ನೂ ನಿಧಾನ. ಪಟ್ಟಿಯ ಅಂಕಿಗಳು ಇಂಥ ಸಾಮಾನ್ಯ ಅಡುಗೆಗೆ ಹತ್ತಿರವಾದವು.

ಪ್ರೆಷರ್ ಕುಕ್ಕರ್ ಇದರ ತುತ್ತತುದಿ. ಅದರಲ್ಲಿ ಶಾಖ ಹೆಚ್ಚು, ಆದರೆ ಹೊರಗೆ ಹೋಗುವುದು ಸೀಟಿ ಹೊಡೆದಾಗ ಬರುವ ಹಬೆ ಮಾತ್ರ. ನಾಲ್ಕು ಸೀಟಿ ಆಯಿತೆಂದರೆ ಮಾಂಸ ಬೆಂದಿದೆ ಎಂದರ್ಥ, ಒಳಗಿನ ವೈನ್ ಹೋಗಿದೆ ಎಂದಲ್ಲ. ಕುಕ್ಕರಿನಲ್ಲಿ ಮಾಡಿದ್ದಾದರೆ ಮುಚ್ಚಳ ತೆಗೆದ ಮೇಲೆ ಮತ್ತೆ ಕುದಿಸಿ ಇಂಗಿಸಬೇಕು.

ಒಂದು ಕೇಕಿನ ಲೆಕ್ಕ

ಈಗ ಹೊಸವರ್ಷದ ಕೇಕಿಗೇ ಬರೋಣ. ಮನೆಯಲ್ಲಿ ಮಾಡುವವರ ಸಾಮಾನ್ಯ ಅಳತೆಯನ್ನೇ ತೆಗೆದುಕೊಳ್ಳೋಣ: ಅರ್ಧ ಕಿಲೋ ಒಣಹಣ್ಣು, ಅಂದರೆ ಒಣದ್ರಾಕ್ಷಿ, ಖರ್ಜೂರ, ಚೆರ್ರಿ, ಕಿತ್ತಳೆ ಸಿಪ್ಪೆ. ಅವನ್ನು ನೆನೆಹಾಕಲು 200 ಮಿಲಿ ರಮ್. ನಮ್ಮಲ್ಲಿ ಮಾರಾಟವಾಗುವ ರಮ್ ಬಾಟಲಿಯ ಮೇಲೆ ಸಾಮಾನ್ಯವಾಗಿ 42.8 ಎಂದು ಬರೆದಿರುತ್ತದೆ. ಅಂದರೆ 200 ಮಿಲಿಯಲ್ಲಿ ಸುಮಾರು 86 ಮಿಲಿ ಶುದ್ಧ ಆಲ್ಕೋಹಾಲ್, ತೂಕದಲ್ಲಿ ಸುಮಾರು 67 ಗ್ರಾಂ. ಹೋಲಿಕೆಗೆ ಒಂದು ಅಳತೆ ನೆನಪಿನಲ್ಲಿರಲಿ: 30 ಮಿಲಿಯ ಒಂದು ಪೆಗ್‌ನಲ್ಲಿ ಇರುವುದು ಸುಮಾರು 10 ಗ್ರಾಂ ಆಲ್ಕೋಹಾಲ್.

ಹಣ್ಣು ಮುಚ್ಚಿದ ಗಾಜಿನ ಭರಣಿಯಲ್ಲಿ ವಾರಗಟ್ಟಲೆ ನೆನೆಯುತ್ತದೆ. ರಮ್ ಕಾಣದಂತಾಗುತ್ತದೆ, ಆದರೆ ಅದು ಎಲ್ಲೂ ಹೋಗಿಲ್ಲ, ಹಣ್ಣಿನೊಳಗೆ ಸೇರಿದೆ. ಮುಚ್ಚಳ ಬಿಗಿಯಾಗಿದ್ದರೆ ಆ 67 ಗ್ರಾಂ ಹಾಗೇ ಇರುತ್ತದೆ. ಆಮೇಲೆ ಹಣ್ಣನ್ನೂ ಉಳಿದ ರಸವನ್ನೂ ಹಿಟ್ಟಿಗೆ ಕಲಸಿ ಮಂದ ಶಾಖದ ಒವನ್‌ನಲ್ಲಿ ಒಂದೂವರೆ ಗಂಟೆ ಬೇಯಿಸುತ್ತಾರೆ. ಒವನ್ ಒಳಗಿನ ಗಾಳಿ 150 ಡಿಗ್ರಿ ಇದ್ದರೂ ಕೇಕಿನ ನಡುಭಾಗ 100 ಡಿಗ್ರಿ ದಾಟುವುದಿಲ್ಲ, ಏಕೆಂದರೆ ಅಲ್ಲಿ ಇನ್ನೂ ನೀರಿದೆ. ಮೇಲಿನ ಪದರ ಬೇಗ ಗಟ್ಟಿಯಾಗಿ ಒಳಗಿನ ಹಬೆಯನ್ನು ತಡೆಯುತ್ತದೆ. ಪಟ್ಟಿಯ ಪ್ರಕಾರ ಉಳಿಯುವುದು ಐದನೇ ಒಂದು ಪಾಲು, ಅಂದರೆ ಸುಮಾರು 13 ಗ್ರಾಂ. ಕೇಕನ್ನು 20 ತುಂಡು ಮಾಡಿದರೆ ಒಂದು ತುಂಡಿಗೆ ಮುಕ್ಕಾಲು ಗ್ರಾಂಗಿಂತ ಸ್ವಲ್ಪ ಕಡಿಮೆ.

ಇಲ್ಲಿಗೇ ನಿಲ್ಲಿಸಿದರೆ ಕಿರಿಯರ ಉತ್ತರ ಪೂರ್ತಿ ತಪ್ಪಲ್ಲ. ಎಲ್ಲವೂ ಹೋಗದಿದ್ದರೂ ಹೆಚ್ಚಿನದು ಹೋಗಿದೆ. ಆದರೆ ಹಳೆಯ ಪದ್ಧತಿಯ ಪ್ಲಮ್ ಕೇಕ್ ಒವನ್‌ನಿಂದ ಹೊರಬಂದ ಮೇಲೆ ಇನ್ನೊಂದು ಕೆಲಸ ಇರುತ್ತದೆ. ಕೇಕಿಗೆ ಕಡ್ಡಿಯಿಂದ ಸಣ್ಣ ತೂತುಗಳನ್ನು ಚುಚ್ಚಿ, ವಾರಕ್ಕೊಮ್ಮೆ ಒಂದೆರಡು ಚಮಚ ರಮ್ ಹನಿಸಿ, ಬಟರ್ ಪೇಪರಿನಲ್ಲಿ ಸುತ್ತಿ ಇಡುತ್ತಾರೆ. ಕೇಕ್ ಒಣಗದೆ ತಿಂಗಳುಗಟ್ಟಲೆ ಬಾಳುವುದು ಇದರಿಂದಲೇ. ನಾಲ್ಕು ವಾರ, ವಾರಕ್ಕೆ 30 ಮಿಲಿಯಂತೆ ಹಾಕಿದರೆ 120 ಮಿಲಿ ಆಯಿತು. ಅದರಲ್ಲಿ 40 ಗ್ರಾಂ ಆಲ್ಕೋಹಾಲ್. ಇದಕ್ಕೆ ಬೆಂಕಿಯೇ ತಾಗಿಲ್ಲ. ಬೇಯಿಸದೆ ಇಟ್ಟದ್ದರ ಅಂಕಿ, ಅಂದರೆ ಶೇ 70 ಹಿಡಿದರೂ 28 ಗ್ರಾಂ ಉಳಿಯುತ್ತದೆ. ಗಾಳಿಯಾಡದಂತೆ ಸುತ್ತಿಟ್ಟರೆ ಅದಕ್ಕಿಂತ ಹೆಚ್ಚೇ.

ಎರಡನ್ನೂ ಕೂಡಿಸಿ ನೋಡಿ. ನೆನೆಹಾಕಲು ಹಾಕಿದ ರಮ್ ಹೆಚ್ಚು, ಆದರೆ ಅದರಿಂದ ಉಳಿದದ್ದು 13 ಗ್ರಾಂ. ಆಮೇಲೆ ಹನಿಸಿದ್ದು ಕಡಿಮೆ, ಅದರಿಂದ ಉಳಿದದ್ದು 28 ಗ್ರಾಂ. ತುಂಡೊಂದಕ್ಕೆ ಈಗ ಎರಡು ಗ್ರಾಂ ಆಯಿತು. ಐದು ತುಂಡು ತಿಂದರೆ ಒಂದು ಪೆಗ್ಗಿಗೆ ಸಮ. ಒಂದು ತುಂಡು ತಿಂದ ಆರೋಗ್ಯವಂತ ದೊಡ್ಡವರಿಗೆ ಇದರಿಂದ ಅಮಲೇನೂ ಏರದು. ಆದರೆ "ಬೇಯೂದ್ರಾಗ ಎಲ್ಲಾ ಹಾರಿ ಹೋಗೈತಿ" ಎನ್ನುವ ಮಾತು ಈ ಕೇಕಿಗೆ ಅನ್ವಯಿಸುವುದೇ ಇಲ್ಲ, ಏಕೆಂದರೆ ಅದರಲ್ಲಿರುವ ಹೆಚ್ಚಿನ ಆಲ್ಕೋಹಾಲ್ ಬೇಯುವ ಮನೆಗೇ ಹೋಗಿಲ್ಲ.

ಇದೇ ಕಾರಣಕ್ಕೆ ಬೇಕರಿಗಳ ಬೇರೆ ಕೆಲವು ತಿನಿಸುಗಳನ್ನೂ ನೋಡಬೇಕು. ರಮ್ ಬೆರೆಸಿದ ಸಕ್ಕರೆ ಪಾಕದಲ್ಲಿ ಅದ್ದಿದ ಕೇಕ್, ಮದ್ಯ ತುಂಬಿದ ಚಾಕೊಲೇಟ್, ಮದ್ಯ ಹಾಕಿ ಮಾಡಿದ ತಿರಮಿಸು, ಇವು ಯಾವುವೂ ಮದ್ಯ ಹಾಕಿದ ಮೇಲೆ ಒಲೆ ಕಾಣುವುದಿಲ್ಲ.

ಬೆಂಕಿ, ಸಾರು, ಸನ್ನ

ದೊಡ್ಡ ಹೋಟೆಲುಗಳಲ್ಲಿ ಪಾತ್ರೆಗೆ ಬ್ರಾಂದಿ ಸುರಿದು ಬೆಂಕಿ ಹಚ್ಚುತ್ತಾರೆ. ನೀಲಿ ಜ್ವಾಲೆ ಎದ್ದು ಆರುತ್ತದೆ, ನೋಡಿದವರು ಎಲ್ಲ ಸುಟ್ಟುಹೋಯಿತು ಎಂದುಕೊಳ್ಳುತ್ತಾರೆ. ಉರಿಯುವುದು ದ್ರವದ ಮೇಲೆ ಎದ್ದ ಆವಿ ಮಾತ್ರ. ಆಲ್ಕೋಹಾಲ್ ಸ್ವಲ್ಪ ಕಡಿಮೆಯಾದ ಕೂಡಲೇ ಏಳುವ ಆವಿ ಉರಿಯಲು ಸಾಲದಾಗುತ್ತದೆ, ಜ್ವಾಲೆ ಆರುತ್ತದೆ. ಅಷ್ಟರಲ್ಲಿ ಹೋಗಿರುವುದು ನಾಲ್ಕನೇ ಒಂದು ಪಾಲು. ಜ್ವಾಲೆ ಆರಿತೆಂದರೆ ಆಲ್ಕೋಹಾಲ್ ಮುಗಿಯಿತು ಎಂದಲ್ಲ.

ಇನ್ನು ವೈನ್ ಹಾಕಿದ ಕೋಳಿ ಸಾರು. 250 ಮಿಲಿ ವೈನ್, ಅದರಲ್ಲಿ ಸುಮಾರು 25 ಗ್ರಾಂ ಆಲ್ಕೋಹಾಲ್, ತಿನ್ನುವವರು ನಾಲ್ವರು. ಆರಂಭದಲ್ಲೇ ಹಾಕಿ ಅರ್ಧ ಗಂಟೆ ಬೇಯಿಸಿದರೆ ತಲೆಗೆ ಎರಡು ಗ್ರಾಂ ದಾಟುತ್ತದೆ. ಎರಡೂವರೆ ಗಂಟೆ ಬೆಂದರೆ ತಲೆಗೆ ಮೂರನೇ ಒಂದು ಗ್ರಾಂ ಕೂಡ ಇರುವುದಿಲ್ಲ. ಪರಿಮಳಕ್ಕೆಂದು ಅಷ್ಟೇ ವೈನನ್ನು ಇಳಿಸುವ ಮುಂಚೆ ಸುರಿದರೆ ತಲೆಗೆ ಐದು ಗ್ರಾಂ, ಅಂದರೆ ಅರ್ಧ ಪೆಗ್. ಅದೇ ವೈನ್, ಅದೇ ಅಳತೆ, ಅದೇ ಪಾತ್ರೆ. ಹಾಕಿದ ಹೊತ್ತು ಬೇರೆಯಾದದ್ದಕ್ಕೆ ಹದಿನೈದು ಪಟ್ಟಿಗೂ ಹೆಚ್ಚು ವ್ಯತ್ಯಾಸ.

ನಮ್ಮದೇ ರಾಜ್ಯದ ಹಳೆಯ ಉದಾಹರಣೆ ಮಂಗಳೂರಿನ ಕ್ರೈಸ್ತರ ಮನೆಯ ಸನ್ನ. ಅಕ್ಕಿ ಹಿಟ್ಟು ಹುದುಗಿ ಮೇಲೇಳಲು ಅದಕ್ಕೆ ಕಳ್ಳು ಬೆರೆಸಿ, ಇಡ್ಲಿಯಂತೆ ಹಬೆಯಲ್ಲಿ ಬೇಯಿಸುತ್ತಾರೆ. ಅಲ್ಲಿ ಕಳ್ಳಿನ ಕೆಲಸ ಹಿಟ್ಟು ಉಬ್ಬಿಸುವುದು. ಒಂದು ಲೋಟ, ಅಂದರೆ 200 ಮಿಲಿ ಕಳ್ಳಿನಲ್ಲಿ ನೂರಕ್ಕೆ ಐದು ಭಾಗದಂತೆ 10 ಮಿಲಿ ಆಲ್ಕೋಹಾಲ್ ಇದ್ದರೆ, ಅದರಲ್ಲಿ 25 ಸನ್ನ ಆದರೆ, ಬೇಯುವ ಮೊದಲೇ ಒಂದೊಂದರ ಪಾಲಿಗೆ ಅರ್ಧ ಮಿಲಿಯೂ ಬರುವುದಿಲ್ಲ. ಬೆಂದ ಮೇಲೆ ಅದಕ್ಕಿಂತಲೂ ಕಡಿಮೆ. ಮದ್ಯ ಹಾಕಿದ್ದಾರೆ ಎಂಬ ಒಂದೇ ಮಾತಿನಿಂದ ಎಷ್ಟು ಉಳಿದಿದೆ ಎಂದು ತಿಳಿಯುವುದಿಲ್ಲ ಎಂಬುದಕ್ಕೆ ಸನ್ನ ಒಂದು ತುದಿಯ ಉದಾಹರಣೆ, ರಮ್ ಹನಿಸಿದ ಕೇಕ್ ಇನ್ನೊಂದು ತುದಿಯದು.

ಮನೆಯಲ್ಲಿ ತಿಳಿಯುವುದು ಹೇಗೆ

ಮೂಗನ್ನು ನಂಬುವಂತಿಲ್ಲ. ರಮ್ಮಿನ ಪರಿಮಳ ಕೊಡುವ ವಸ್ತುಗಳು ಬೇರೆ, ಆಲ್ಕೋಹಾಲ್ ಬೇರೆ. ಆಲ್ಕೋಹಾಲ್ ಬಹುಪಾಲು ಹೋದ ಮೇಲೂ ಪರಿಮಳ ಉಳಿಯಬಹುದು. ಮಸಾಲೆ, ಬೆಳ್ಳುಳ್ಳಿ, ಲವಂಗಗಳ ನಡುವೆ ಆಲ್ಕೋಹಾಲ್ ಇದ್ದರೂ ಗೊತ್ತಾಗದಿರಬಹುದು. ಪಾತ್ರೆಯ ಹಬೆಗೆ ಮುಖ ಒಡ್ಡಿದಾಗ ಮೂಗಿಗೆ ಚುರ್ರೆನ್ನುವುದು ನಿಂತಿತೆಂದರೆ ಹೆಚ್ಚಿನದು ಹೋಗಿದೆ ಎನ್ನಬಹುದು, ಎಲ್ಲವೂ ಹೋಗಿದೆ ಎನ್ನಲಾಗದು. ಮದ್ಯದ ಬಲ ಅಳೆಯುವ ತೇಲುವ ಮಾಪಕವೂ ಸಾರಿನಲ್ಲಿ ಕೆಲಸ ಮಾಡದು, ಏಕೆಂದರೆ ಉಪ್ಪು, ಸಕ್ಕರೆ, ಎಣ್ಣೆ ಅದರ ಲೆಕ್ಕ ಕೆಡಿಸುತ್ತವೆ. ಖಚಿತವಾಗಿ ಹೇಳಬೇಕೆಂದರೆ ಪ್ರಯೋಗಾಲಯವೇ ಬೇಕು.

ಅಡುಗೆಮನೆಯಲ್ಲಿ ಮಾಡಬಹುದಾದ ನಂಬಿಗಸ್ತ ಕೆಲಸ ಒಂದಿದೆ, ಮಟ್ಟ ಅಳೆಯುವುದು. ವೈನನ್ನು ಮಾಂಸ, ಮಸಾಲೆ ಹಾಕುವ ಮುಂಚೆ ಅಗಲ ಬಾಯಿಯ ಪಾತ್ರೆಯಲ್ಲಿ ಅದೊಂದನ್ನೇ ಕುದಿಸಿ. ಶುಭ್ರವಾದ ಮರದ ಸೌಟಿನ ಹಿಡಿಯನ್ನು ನೆಟ್ಟಗೆ ಅದ್ದಿ, ಒದ್ದೆಯಾದ ಎತ್ತರಕ್ಕೆ ಗುರುತು ಮಾಡಿ. ಮುಚ್ಚಳವಿಲ್ಲದೆ ಕುದಿಸುತ್ತಾ ಆಗಾಗ ಅದ್ದಿ ನೋಡಿ. ಮಟ್ಟ ಮೊದಲಿನ ಅರ್ಧಕ್ಕೆ ಬಂದಾಗ ಆಲ್ಕೋಹಾಲಿನ ಬಹುಪಾಲು ಹೋಗಿರುತ್ತದೆ. ಮೂರನೇ ಒಂದಕ್ಕೆ ಇಳಿಸಿದರೆ ಇನ್ನೂ ಖಚಿತ. ಆ ಮೇಲೆ ಅದನ್ನು ಅಡುಗೆಗೆ ಸೇರಿಸಿ, ಬೇಕಾದರೆ ಮುಚ್ಚಿ ಬೇಯಿಸಿ. ಹುಳಿ, ಬಣ್ಣ, ದ್ರಾಕ್ಷಿಯ ಸವಿ ಎಲ್ಲ ಅದರಲ್ಲೇ ಇರುತ್ತದೆ, ಇನ್ನೂ ಗಾಢವಾಗಿಯೇ ಇರುತ್ತದೆ. ರಮ್, ಬ್ರಾಂದಿಯಂಥ ಗಟ್ಟಿ ಮದ್ಯವನ್ನು ಹೀಗೆ ಅದೊಂದನ್ನೇ ಕುದಿಸಬಾರದು, ಅದರ ಆವಿಗೆ ಗ್ಯಾಸ್ ಒಲೆಯ ಉರಿ ತಾಗಿದರೆ ಹೊತ್ತಿಕೊಳ್ಳುತ್ತದೆ. ಬಾಟಲಿಯಿಂದ ನೇರವಾಗಿ ಬಿಸಿ ಪಾತ್ರೆಗೆ ಸುರಿಯುವುದೂ ಅಪಾಯ.

ಯಾರಿಗೆ ಈ ಲೆಕ್ಕ ಬೇಕು

ಮೊದಲಿಗೆ, ಕುಡಿತ ಬಿಟ್ಟವರು ಇರುವ ಮನೆಗೆ. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಷೇಧವಾದರೂ ಕುಡಿತದಿಂದ ನೊಂದ ಮನೆಗಳು ನಮ್ಮ ಹಳ್ಳಿಗಳಲ್ಲಿ ಕಡಿಮೆಯಾಗಿಲ್ಲ. ಕುಡಿತ ಬಿಡಲು ವೈದ್ಯರು ಕೊಡುವ ಔಷಧಗಳಲ್ಲಿ ಡೈಸಲ್ಫಿರಾಮ್ ಒಂದು. ಈ ಮಾತ್ರೆ ತಗೊಳ್ಳುವಾಗ ಸ್ವಲ್ಪ ಆಲ್ಕೋಹಾಲ್ ಹೊಟ್ಟೆ ಸೇರಿದರೂ ಮುಖ ಕೆಂಪಾಗುವುದು, ಎದೆ ಬಡಿತ ಜೋರಾಗುವುದು, ವಾಂತಿ, ತಲೆಸುತ್ತು ಕಾಣಿಸಬಹುದು, ಕೆಲವರಿಗೆ ಅದು ಗಂಭೀರವಾಗಬಹುದು. ಔಷಧದ ಸೂಚನೆಯಲ್ಲೇ ಮದ್ಯ ಬೆರೆತ ಆಹಾರ, ಸಾಸ್‌ಗಳಿಂದ ದೂರವಿರಲು ಹೇಳಿರುತ್ತದೆ. ಮಾತ್ರೆ ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಎಚ್ಚರ ಬೇಕು. ಅಂಥವರ ಮುಂದೆ ಕೇಕ್ ಇಟ್ಟು "ಎಲ್ಲಾ ಹಾರಿ ಹೋಗೈತಿ, ತಿನ್ನ್ರೀ" ಎನ್ನುವುದು ಅವರ ಜೀವದ ಜೊತೆ ಆಡಿದಂತೆ. ಮಾತ್ರೆ ತಗೊಳ್ಳದಿದ್ದರೂ, ಬಿಟ್ಟ ಚಟದ ರುಚಿ ಮತ್ತೆ ನಾಲಗೆಗೆ ತಾಗುವುದೇ ಅವರಿಗೆ ದೊಡ್ಡ ಪರೀಕ್ಷೆ.

ಎರಡನೆಯದಾಗಿ, ಗರ್ಭಿಣಿಯರು ಮತ್ತು ಚಿಕ್ಕ ಮಕ್ಕಳು. ದೊಡ್ಡವರಿಗೆ ಲೆಕ್ಕಕ್ಕಿಲ್ಲದ ಎರಡು ಗ್ರಾಂ, ಹದಿನೈದು ಕಿಲೋ ತೂಗುವ ಮಗುವಿಗೆ ಹಾಗಲ್ಲ. ಮಗು ಒಂದು ತುಂಡಿಗೆ ನಿಲ್ಲುವುದೂ ಇಲ್ಲ. ಗರ್ಭಿಣಿಯರಿಗೆ ಇಂತಿಷ್ಟು ಆಲ್ಕೋಹಾಲ್ ಸುರಕ್ಷಿತ ಎಂಬ ಮಿತಿಯನ್ನು ವೈದ್ಯಲೋಕ ಗುರುತಿಸಿಲ್ಲ, ಪೂರ್ತಿ ದೂರವಿರುವುದೇ ಅವರಿಗೆ ಹೇಳುವ ಮಾತು.

ಮೂರನೆಯದಾಗಿ, ಧರ್ಮದಿಂದಲೋ ನೇಮದಿಂದಲೋ ಮದ್ಯ ಮುಟ್ಟದವರು. ಮುಸ್ಲಿಮರು, ಜೈನರು, ದೀಕ್ಷೆ ಪಡೆದವರು, ಮಾಲೆ ಧರಿಸಿದವರು ನಮ್ಮ ಊರುಗಳಲ್ಲಿ ಅಕ್ಕಪಕ್ಕದ ಮನೆಯವರೇ. ಎಷ್ಟು ಉಳಿದಿದೆ ಎಂದು ಅಳೆದು ಹೇಳಬಹುದು. ಅಷ್ಟು ಉಳಿದದ್ದನ್ನು ತಿನ್ನಬಹುದೇ ಎಂಬುದನ್ನು ನಿರ್ಧರಿಸುವವರು ಅವರು, ಬಡಿಸುವವರಲ್ಲ. ಅವರಲ್ಲಿ ಹಲವರಿಗೆ ಉಳಿದ ಪ್ರಮಾಣ ಮುಖ್ಯವೇ ಅಲ್ಲ, ಹಾಕಿದ್ದಾರೆಯೇ ಎಂಬುದೇ ಮುಖ್ಯ. ತಪ್ಪು ಮಾಹಿತಿ ಕೊಟ್ಟರೆ ಆ ನಿರ್ಧಾರವನ್ನು ಅವರ ಕೈಯಿಂದ ಕಿತ್ತುಕೊಂಡಂತೆ.

ಆದ್ದರಿಂದ ಕೇಕ್ ತಂದವರು ಕೊಂಡಲ್ಲೇ ಮೂರು ಪ್ರಶ್ನೆ ಕೇಳಿ ತಿಳಿದುಕೊಂಡು ಬರಬೇಕು. ಮದ್ಯ ಹಾಕಿದ್ದೀರಾ? ಬೇಯುವ ಮುಂಚೆ ಹಾಕಿದಿರೋ, ಬೆಂದ ಮೇಲೂ ಹಾಕಿದಿರೋ? ಬೆಂದದ್ದು ಎಷ್ಟು ಹೊತ್ತು? ಇವುಗಳಲ್ಲಿ ಎರಡನೆಯದೇ ಎಲ್ಲಕ್ಕಿಂತ ಮುಖ್ಯ.

ಎಲ್ಲರೂ ಕೂಡಿ ತಿನ್ನುವ ಮನೆಯಾದರೆ ರಮ್ ಇಲ್ಲದೆಯೂ ಒಳ್ಳೆಯ ಹಣ್ಣಿನ ಕೇಕ್ ಆಗುತ್ತದೆ. ಅರ್ಧ ಕಿಲೋ ಒಣಹಣ್ಣಿಗೆ ಒಂದು ಲೋಟ ಕಿತ್ತಳೆ ರಸ, ಅರ್ಧ ಲೋಟ ಗಟ್ಟಿ ಕರಿ ಚಹಾ, ಎರಡು ದೊಡ್ಡ ಚಮಚ ನಮ್ಮ ಕಬ್ಬಿನ ಬೆಲ್ಲ, ಒಂದು ತುಂಡು ಶುಂಠಿ, ನಾಲ್ಕು ಲವಂಗ ಸೇರಿಸಿ ಒಂದು ಕುದಿ ಕುದಿಸಿ, ಆರಿದ ಮೇಲೆ ಹಣ್ಣು ನೆನೆಹಾಕಿ ಫ್ರಿಜ್ಜಿನಲ್ಲಿಡಿ. ಚಹಾದ ಒಗರು, ಬೆಲ್ಲದ ಗಾಢ ಬಣ್ಣ, ಕಿತ್ತಳೆಯ ಹುಳಿ ಸೇರಿ ಹಣ್ಣು ಒಂದು ರಾತ್ರಿಯಲ್ಲಿ ಉಬ್ಬಿ ಮೆತ್ತಗಾಗುತ್ತದೆ. ಈ ನೆನೆಸಿದ ಹಣ್ಣನ್ನು ತಿಂಗಳುಗಟ್ಟಲೆ ಇಡಲಾಗದು, ಎರಡು ಮೂರು ದಿನದಲ್ಲಿ ಬಳಸಬೇಕು, ಕೇಕನ್ನೂ ವಾರದೊಳಗೆ ಮುಗಿಸಬೇಕು. ರಮ್ ಕೊಡುತ್ತಿದ್ದ ಬಾಳಿಕೆ ಇದಕ್ಕಿಲ್ಲ. ಆದರೆ "ಇದರಾಗ ಏನರ ಹಾಕ್ಯಾರೇನು?" ಎಂದು ಆಯಿ ಕೇಳಿದರೆ ಕೊಡುವ ಉತ್ತರದಲ್ಲಿ ಯಾವ ಅಂಕಿಯೂ ಬೇಕಾಗುವುದಿಲ್ಲ.